ಕೊಟ್ಟದ್ದಕ್ಕಷ್ಟೇ ಕೃತಜ್ಞತೆ

ಪರಿಚಿತರೊಬ್ಬರ ಮೂಲಕ ಒಬ್ಬ ಮ್ಯಾನೇಜರ್ ಸಿಗುತ್ತಾರೆ. ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತಾಗುತ್ತದೆ. ಇದು ಸಂದರ್ಶನವಲ್ಲ ಎಂಬುದು ಇಬ್ಬರಿಗೂ ಗೊತ್ತು. ಆದರೂ ಏಳುವ ಹೊತ್ತಿಗೆ, ಮುಂದೆ ತಮ್ಮ ತಂಡದಲ್ಲಿ ಜಾಗ ಆಗಬಹುದು ಎಂಬ ಮಾತು ಅವರ ಬಾಯಿಂದ ಬಂದಿರುತ್ತದೆ. ಅದಕ್ಕೊಂದು ವಂದನೆಯ ಪತ್ರ ಬರೆಯಲು ಕೂತವರ ಎದುರು ನಿಲ್ಲುವ ಪ್ರಶ್ನೆ ಸಣ್ಣದಲ್ಲ. ಮನಸ್ಸಿನಲ್ಲಿ ಕೆಲಸದ ಆಸೆ ಇಟ್ಟುಕೊಂಡು ಹೇಳುವ ಧನ್ಯವಾದ ಕೃತಜ್ಞತೆಯೇ ಅಥವಾ ವೇಷ ಹಾಕಿದ ಅರ್ಜಿಯೇ?

ಆಸೆ ಇದ್ದ ಮಾತ್ರಕ್ಕೆ ಕೃತಜ್ಞತೆ ಸುಳ್ಳಾಗುವುದಿಲ್ಲ ಎಂದು ನಾನು ನಂಬುತ್ತೇನೆ. ಇನ್ನೂ ಕೈಗೆ ಬಾರದ್ದಕ್ಕೆ ವಂದನೆ ಹೇಳಹೊರಟಾಗ ಅದು ಸುಳ್ಳಾಗುತ್ತದೆ. ಒಂದು ಸಂದರ್ಭವನ್ನು ಊಹಿಸಿಕೊಂಡು ಇದನ್ನು ನೋಡೋಣ.

ಬೆಂಗಳೂರಿನ ಒಬ್ಬ ಯುವತಿ ಐದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾಳೆ. ಪರ್ಫಾರ್ಮೆನ್ಸ್ ಟೆಸ್ಟಿಂಗ್‌ಗೆ ಬದಲಾಗಬೇಕೆಂಬುದು ಅವಳ ಆಸೆ. ಹಳೆಯ ಸಹೋದ್ಯೋಗಿಯ ಪರಿಚಯದಿಂದ, ಅದೇ ಕೆಲಸದ ತಂಡ ನಡೆಸುವ ಮ್ಯಾನೇಜರ್ ಒಬ್ಬರನ್ನು ಭೇಟಿಯಾಗುತ್ತಾಳೆ. ಅವರು ಮೂರು ವಿಷಯ ಹೇಳುತ್ತಾರೆ. ಬರುವ ಹಣಕಾಸು ವರ್ಷಕ್ಕೆ ಎರಡು ಹುದ್ದೆ ಕೇಳಿದ್ದೇನೆ, ಮಂಜೂರಾತಿ ಇನ್ನೂ ಬಂದಿಲ್ಲ. ಬಂದರೂ ನಮ್ಮಲ್ಲಿ ಮೊದಲು ಒಳಗಿನ ನೌಕರರಿಗೆ ಅವಕಾಶ, ಆಮೇಲೆ ಹೊರಗಿನವರಿಗೆ. ಮೂರನೆಯದು ಅವಳ ರೆಸ್ಯೂಮೆ ಕುರಿತದ್ದು. ಜೆಮೀಟರ್ ಬಲ್ಲೆ ಎಂದು ಎಲ್ಲರೂ ಬರೆಯುತ್ತಾರೆ. ಸಾವಿರ ಜನ ಒಟ್ಟಿಗೆ ಲಾಗಿನ್ ಆದಾಗ ಪುಟ ನಿಧಾನವಾಯಿತು ಎಂದು ತೋರಿಸಿದರೆ ಸಾಲದು, ಯಾವ ಡೇಟಾಬೇಸ್ ಕ್ವೆರಿಯಿಂದ ನಿಧಾನವಾಯಿತು ಎಂದು ಹುಡುಕಬಲ್ಲವರು ನಮಗೆ ಬೇಕು, ಅದು ನಿಮ್ಮ ರೆಸ್ಯೂಮೆಯಲ್ಲಿ ಎಲ್ಲೂ ಕಾಣುವುದಿಲ್ಲ ಎನ್ನುತ್ತಾರೆ.

ಆ ಸಂಜೆ ಅವಳು ಹೀಗೆ ಬರೆಯುತ್ತಾಳೆ ಎಂದುಕೊಳ್ಳಿ: “ಸರ್, ಏಪ್ರಿಲ್‌ನಲ್ಲಿ ನಿಮ್ಮ ತಂಡದಲ್ಲಿ ಅವಕಾಶ ಕೊಡುವುದಾಗಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ರೆಸ್ಯೂಮೆ ಲಗತ್ತಿಸಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.” ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಮ್ಯಾನೇಜರ್ ಅವಕಾಶ ಕೊಡುತ್ತೇನೆ ಎಂದಿರಲಿಲ್ಲ, ಹುದ್ದೆ ಕೇಳಿದ್ದೇನೆ ಎಂದಿದ್ದರು. ಆಗಬಹುದು ಎಂಬ ಮಾತು ಒಂದೇ ಸಾಲಿನಲ್ಲಿ ಆಗುತ್ತದೆ ಎಂಬ ವಚನವಾಗಿಬಿಟ್ಟಿದೆ. ಮಂಜೂರಾತಿ ಅವರ ಕೈಯಲ್ಲಿಲ್ಲ. ಆಡದ ಮಾತು ಈಗ ಬರಹದಲ್ಲಿ, ಅವರ ಹೆಸರಿನ ಮೇಲೆ ನಿಂತಿದೆ. ಅದನ್ನು ತಿದ್ದಲು ಅವರು ಉತ್ತರ ಬರೆಯಬೇಕು ಇಲ್ಲವೇ ಸುಮ್ಮನಾಗಬೇಕು. ಬಹಳ ಮಂದಿ ಸುಮ್ಮನಾಗುತ್ತಾರೆ. ಮುಂದೊಬ್ಬರು ಮಾತಾಡಬೇಕೆಂದು ಕೇಳಿದಾಗ ಬಾಯಿ ಬಿಗಿಹಿಡಿಯುತ್ತಾರೆ. ಈ ಪತ್ರದ ದೊಡ್ಡ ಕೊರತೆ ಇನ್ನೊಂದಿದೆ. ನಿಜವಾಗಿ ಕೈಗೆ ಬಂದ ಮೂರು ವಿಷಯಗಳಲ್ಲಿ ಒಂದರ ನೆನಪೂ ಇದರಲ್ಲಿಲ್ಲ.

ಅವುಗಳಲ್ಲಿ ಮೂರನೆಯದೇ ಅತ್ಯಂತ ಬೆಲೆಯದು. ಸಂದರ್ಶನದಲ್ಲಿ ಆಯ್ಕೆಯಾಗದವರಿಗೆ ಸಾಮಾನ್ಯವಾಗಿ ಬರುವುದು ಎಲ್ಲರಿಗೂ ಹೋಗುವ ಒಂದೇ ಒಕ್ಕಣೆ. ಏನು ಕಡಿಮೆಯಾಯಿತು ಎಂದು ಹೇಳುವವರು ಅಪರೂಪ, ಏಕೆಂದರೆ ಅಲ್ಲಿ ಪ್ರತಿ ಮಾತೂ ತೀರ್ಪಾಗುತ್ತದೆ. ಅನೌಪಚಾರಿಕ ಮಾತುಕತೆಯಲ್ಲಿ ತೀರ್ಪು ಕೊಡುವ ಹೊಣೆ ಇಲ್ಲದ್ದರಿಂದಲೇ ಮ್ಯಾನೇಜರ್ ನೇರವಾಗಿ ಮಾತಾಡಬಲ್ಲವರಾದರು. ಆ ನೇರ ಮಾತೇ ಅವರ ಕೊಡುಗೆ.

ಇದನ್ನು ಅರಿತವಳು ಬೇರೆ ರೀತಿ ಬರೆಯುತ್ತಾಳೆ: “ಸರ್, ಇವತ್ತು ಸಮಯ ಕೊಟ್ಟದ್ದಕ್ಕೆ ಧನ್ಯವಾದ. ನಿಧಾನವಾದದ್ದನ್ನು ತೋರಿಸುವುದಕ್ಕೂ ಅದರ ಕಾರಣ ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಈಗಿನ ಪ್ರಾಜೆಕ್ಟಿನಲ್ಲೇ ನಿಧಾನದ ಕ್ವೆರಿಗಳನ್ನು ಓದಲು ಶುರುಮಾಡುತ್ತೇನೆ. ಹುದ್ದೆಗಳಿಗೆ ಮಂಜೂರಾತಿ ಇನ್ನೂ ಬಂದಿಲ್ಲ ಎಂಬುದು ನನಗೆ ಗೊತ್ತು. ಹೊರಗಿನವರಿಗೆ ಪ್ರಕಟಣೆ ಬಂದರೆ ಎಲ್ಲರಂತೆ ಅರ್ಜಿ ಹಾಕಲು ಇಷ್ಟಪಡುತ್ತೇನೆ. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.” ಇಲ್ಲೂ ಆಸೆ ಇದೆ. ಅದು ತನ್ನದೇ ವಾಕ್ಯದಲ್ಲಿ ಬಹಿರಂಗವಾಗಿ ನಿಂತಿದೆ, ಧನ್ಯವಾದದ ಹಿಂದೆ ಅಡಗಿಲ್ಲ. ಕೊಟ್ಟದ್ದು ಯಾವುದು, ಬಯಸಿದ್ದು ಯಾವುದು ಎಂದು ಓದುವವರಿಗೆ ಬೇರೆ ಬೇರೆಯಾಗಿ ಕಾಣುತ್ತದೆ.

ಫಲದ ಆಸೆಯಿದ್ದಲ್ಲಿ ಕೃತಜ್ಞತೆ ಶುದ್ಧವಲ್ಲ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ, ಆದರೆ ಪೂರ್ತಿ ಒಪ್ಪಲೂ ಆರೆ. ಉಪಕಾರದ ಬಗ್ಗೆ ಒಂದು ಇಡೀ ಗ್ರಂಥ ಬರೆದ ರೋಮಿನ ತತ್ವಜ್ಞಾನಿ ಸೆನೆಕ, ಉಪಕಾರವನ್ನು ಸಂತೋಷದಿಂದ ಸ್ವೀಕರಿಸಿದವನು ಋಣದ ಮೊದಲ ಕಂತನ್ನು ಆಗಲೇ ತೀರಿಸಿದ್ದಾನೆ ಎಂದು ಭಾವಿಸಿದ್ದ. ತೀರಿಸಲು ಅವಸರಪಡುವವನನ್ನು ಅವನು ಸಂಶಯದಿಂದಲೇ ನೋಡಿದ. ಅಂಥವನಿಗೆ ಋಣದಲ್ಲಿರುವುದೇ ಹಿಂಸೆ, ಹಾಗಾಗಿ ಅವನು ಕೃತಜ್ಞನಲ್ಲ ಎಂಬುದು ಸೆನೆಕನ ವಾದ. ಭೇಟಿಯಾದ ಮರುದಿನವೇ ಸಿಹಿ ಡಬ್ಬ ಕಳಿಸುವವರಿಗೆ, ಹಬ್ಬದ ನೆಪದಲ್ಲಿ ಉಡುಗೊರೆ ಮುಟ್ಟಿಸುವವರಿಗೆ ಈ ಮಾತು ಇವತ್ತೂ ಅನ್ವಯಿಸುತ್ತದೆ. ನಾಳೆ ತಮ್ಮ ಅರ್ಜಿಯನ್ನು ನೋಡಬೇಕಾದವರನ್ನು ಅವರು ಇವತ್ತೇ ಹಂಗಿಗೆ ಕೆಡವುತ್ತಾರೆ. ಬರಿಯ ಮಾತಿನ ವಂದನೆ ಹಾಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಋಣವನ್ನು ಒಪ್ಪಿಕೊಂಡು, ಸದ್ಯಕ್ಕೆ ಅದನ್ನು ಹೊತ್ತು ನಡೆಯುತ್ತೇನೆ ಎನ್ನುತ್ತದೆ.

ಆ ಋಣ ಹೊತ್ತವರಿಗೆ ಇನ್ನೊಂದು ಹೊಣೆಯಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ, ಕೆಲಸ ಬದಲಿಸಿದ ವೃತ್ತಿಪರರನ್ನು ಮಾತಾಡಿಸಿ ನಡೆಸಿದ ಅಧ್ಯಯನ 1974ರಲ್ಲಿ ಪುಸ್ತಕವಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಿತರ ಮೂಲಕ. ಆ ಪರಿಚಿತರಲ್ಲಿ ಹೆಚ್ಚಿನವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರು. ಇದರಲ್ಲಿ ಆಶೆಯೂ ಇದೆ, ಅನ್ಯಾಯವೂ ಇದೆ. ದೂರದ ಪರಿಚಯವೂ ದಾರಿ ತೋರಬಲ್ಲದು ಎಂಬುದು ಆಶೆ. ಆ ದೂರದ ಪರಿಚಯವೂ ಇಲ್ಲದವರಿಗೆ ಹುದ್ದೆಯ ಸುದ್ದಿಯೇ ತಲುಪುವುದಿಲ್ಲ ಎಂಬುದು ಅನ್ಯಾಯ. ನಮ್ಮ ಯುವತಿಗೆ ಹಳೆಯ ಸಹೋದ್ಯೋಗಿ ಒಬ್ಬರಿದ್ದರು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದು ಸಣ್ಣ ಊರಿನಿಂದ ಬಂದ ಹುಡುಗನಿಗೆ ಅಂಥವರು ಇರಲಿಕ್ಕಿಲ್ಲ.

ಹಾಗಾಗಿ ವಂದನೆಯ ಪತ್ರದಲ್ಲಿ ಪ್ರಕಟಣೆ ಬಂದಾಗ ಎಲ್ಲರಂತೆ ಅರ್ಜಿ ಹಾಕುತ್ತೇನೆ ಎಂಬ ಮಾತು ಬರಿಯ ಸೌಜನ್ಯವಲ್ಲ. ಕೇಳಿದ ಮಾತಿನಿಂದ ಕಲಿಯುತ್ತೇನೆ, ಅದನ್ನು ಹಿಡಿದು ಸಾಲು ಮುರಿಯುವುದಿಲ್ಲ ಎಂಬ ನೈತಿಕ ನಿಲುವು ಅದು. ಕಲಿತದ್ದನ್ನು ಅಲ್ಲಿಗೇ ನಿಲ್ಲಿಸದೆ ಅಂಥದೇ ದಾರಿ ಹುಡುಕುತ್ತಿರುವ ಇನ್ನೊಬ್ಬರಿಗೆ ದಾಟಿಸಿದರೆ, ಪರಿಚಯವಿಲ್ಲದವರಿಗೂ ಅದರ ಪಾಲು ಸಿಗುತ್ತದೆ. ಕೆಲಸ ಬೇರೆ ಕಡೆ ಸಿಕ್ಕರೆ ಆ ಮ್ಯಾನೇಜರ್‌ಗೆ ಎರಡು ಸಾಲು ತಿಳಿಸುವುದೂ ಇದೇ ಹೊಣೆಯ ಭಾಗ. ಆಸೆ ತೀರಿದ ಮೇಲೂ ನೆನಪು ಉಳಿಯಿತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಪತ್ರ ಬರೆದವರು ಕಳಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲಿ. ಆ ಹುದ್ದೆ ಎಂದಿಗೂ ಬಾರದೇ ಹೋದರೆ ಇದರಲ್ಲಿ ಯಾವ ಸಾಲು ಸುಳ್ಳಾಗುತ್ತದೆ? ಸುಳ್ಳಾಗುವ ಸಾಲನ್ನು ತೆಗೆದುಬಿಡಿ. ಉಳಿದದ್ದನ್ನು ಕಳಿಸಿ.