ಮೂಡಣ ಕಡಲಿನ ಸಿಹಿನೀರು

ಹುಮನಾಬಾದಿನಿಂದ ಪಡುವಣ ಕಡಲು ನೇರ ಅಳತೆಯಲ್ಲಿ 400 ಕಿ.ಮೀ.ಗಿಂತ ತುಸು ಹೆಚ್ಚು ದೂರ. ಮೂಡಣ ಕಡಲೂ ಹೆಚ್ಚು ಕಡಿಮೆ ಅಷ್ಟೇ ದೂರ. ಊರನ್ನು ಹಾಯ್ದು ಹೋಗುವ ಹೆದ್ದಾರಿ ಹಿಡಿದು ಪೂರ್ವಕ್ಕೆ ನಡೆದರೆ ಹೈದರಾಬಾದ್ ದಾಟಿ ಅದು ಮುಗಿಯುವುದು ಮಚಲಿಪಟ್ಟಣದ ಕಡಲ ತಡಿಯಲ್ಲಿ. ಎರಡು ಕಡಲುಗಳ ನಡುವೆ ಹೀಗೆ ಸಮವಾಗಿ ಕೂತ ಈ ಸೀಮೆಗೆ ಚಂಡಮಾರುತದ ಮಳೆ ಮಾತ್ರ ಬಹುಪಾಲು ಮೂಡಣದಿಂದಲೇ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಎದ್ದರೆ ಅರಬ್ಬಿ ಸಮುದ್ರದಲ್ಲಿ ಏಳುವುದು ಒಂದು. ಬಿಸಿಲು ಎರಡಕ್ಕೂ ಒಂದೇ, ಅಕ್ಷಾಂಶವೂ ಒಂದೇ. ಹಾಗಿದ್ದೂ ಏಕೆ ಈ ಭೇದ?

2020ರ ಚಿತ್ತಾ ಮಳೆ ನೆನೆಯಿರಿ. ಸೋಯಾ ಕೊಯ್ದು ರಾಶಿ ಮಾಡುವ ಹೊತ್ತು. ಅಕ್ಟೋಬರ್ ಎರಡನೆಯ ವಾರ ಅಂಡಮಾನ್ ಕಡೆ ಮೂಡಿದ ವಾಯುಭಾರ ಕುಸಿತ ಬಲಿಯುತ್ತ ಬಂದು 13ರ ಬೆಳಿಗ್ಗೆ ಕಾಕಿನಾಡದ ಬಳಿ ನೆಲ ಮುಟ್ಟಿತು. ಹೆಸರಿಡುವಷ್ಟು ದೊಡ್ಡ ಚಂಡಮಾರುತವೂ ಅದಾಗಿರಲಿಲ್ಲ. ಆದರೂ ಆ ರಾತ್ರಿ ಹೈದರಾಬಾದ್ ಮುಳುಗಿತು, ಮರುದಿನ ಮಳೆ ಬೀದರ್, ಕಲಬುರಗಿಗಳ ಮೇಲೆ ಹಾಯಿತು, ಭೀಮೆ ಉಕ್ಕಿತು. ಅದರ ಅಳಿದುಳಿದ ಸುಳಿ ಮಹಾರಾಷ್ಟ್ರ ದಾಟಿ ಅರಬ್ಬಿ ಸಮುದ್ರಕ್ಕಿಳಿದು 17ರಂದು ಮತ್ತೆ ತಲೆಯೆತ್ತಿತಾದರೂ ಅಲ್ಲಿ ಬಲಿಯಲಿಲ್ಲ, ಕೆಲವೇ ದಿನಗಳಲ್ಲಿ ಕರಗಿತು.

ಚಂಡಮಾರುತಕ್ಕೆ ಆಹಾರ ಬಿಸಿನೀರು. ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿನ ಕಡಲು ಅದಕ್ಕೆ ಬೇಕು. ಆದರೆ ಅದರ ಬಿರುಗಾಳಿ ನೀರನ್ನು ಕಡೆದು ಆಳದ ತಂಪನ್ನು ಮೇಲೆ ತರುತ್ತದೆ. ಹೀಗೆ ತನ್ನ ಅನ್ನವನ್ನು ತಾನೇ ತಣ್ಣಗಾಗಿಸಿಕೊಂಡು ಸೊರಗುತ್ತದೆ. ಅರಬ್ಬಿ ಸಮುದ್ರದಲ್ಲಿ ಈ ಕಡೆತ ಸುಲಭ. ಅಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರು ಹೆಚ್ಚು, ಮೇಲಿನ ನೀರೇ ಉಪ್ಪುಪ್ಪಾಗಿ ಭಾರ. ಮುಂಗಾರಿನ ಗಾಳಿ ಸೋಮಾಲಿಯಾ, ಒಮಾನ್ ತೀರಗಳಲ್ಲಿ ಆಳದ ತಣ್ಣೀರನ್ನು ಬೇರೆ ಎಬ್ಬಿಸುತ್ತದೆ.

ಬಂಗಾಳ ಕೊಲ್ಲಿಯ ಸ್ಥಿತಿಯೇ ಬೇರೆ. ಗಂಗೆ, ಬ್ರಹ್ಮಪುತ್ರ, ಇರಾವದಿ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲವೂ ಸೇರುವುದು ಅಲ್ಲಿಗೆ. ನದಿಯ ಸಿಹಿನೀರು ಹಗುರ. ಅಲುಗಿಸದ ಮಜ್ಜಿಗೆಯ ಮೇಲೆ ತಿಳಿ ನಿಂತ ಹಾಗೆ ಅದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಅರಬ್ಬಿ ಸಮುದ್ರದ ಒಂದು ಕಿಲೋ ನೀರಿನಲ್ಲಿ 36 ಗ್ರಾಂನಷ್ಟು ಉಪ್ಪಿದ್ದರೆ, ಮಳೆಗಾಲ ಮುಗಿದಾಗ ಕೊಲ್ಲಿಯ ಉತ್ತರ ಭಾಗದ ಮೇಲ್ನೀರಿನಲ್ಲಿ ಅದು 30ಕ್ಕೂ ಕೆಳಗಿಳಿಯುವುದುಂಟು. ಈ ಪದರ ಬಿಸಿಲು ಕುಡಿದು ಬೇಗ ಕಾಯುತ್ತದೆ; ಅದರ ಕೆಳಗಿನ ಉಪ್ಪುನೀರೂ ಸಾಕಷ್ಟು ಆಳದವರೆಗೆ ಬೆಚ್ಚಗೇ ಇರುತ್ತದೆ. ಗಾಳಿ ಎಷ್ಟು ಕಡೆದರೂ ತಂಪು ಸುಲಭವಾಗಿ ಮೇಲೇಳದು.

ಸಿಹಿನೀರೊಂದೇ ಕಾರಣವೆಂದರೆ ತಪ್ಪಾದೀತು. ಅದು ಸುಳಿಯನ್ನು ಸಾಕುತ್ತದೆ, ಹೆರುವುದಿಲ್ಲ. ಬೀಜ ಹಲವು ಸಲ ದೂರದಿಂದ ಬರುತ್ತದೆ: ಪೆಸಿಫಿಕ್ ಕಡೆಯ ತೂಫಾನುಗಳು ಥಾಯ್ಲೆಂಡ್, ಮ್ಯಾನ್ಮಾರ್ ದಾಟುವಾಗ ಕ್ಷೀಣಿಸಿ, ಉಳಿದ ಸುಳಿಯಾಗಿ ಕೊಲ್ಲಿಗೆ ಇಳಿಯುತ್ತವೆ. ಪಡುವಣ ಕಡಲಿಗೆ ಅರೇಬಿಯಾದ ಮರಳುಗಾಡಿನ ಒಣಗಾಳಿ ನುಗ್ಗಿ ಮೋಡಗಳನ್ನು ಹೀರುತ್ತದೆ. ಈ ಸುಳಿಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಸರಿಯುವುದರಿಂದ ಕೊಲ್ಲಿಯವು ನಮ್ಮತ್ತ ಬರುತ್ತವೆ, ಅರಬ್ಬಿಯವು ಎಷ್ಟೋ ಸಲ ಒಮಾನ್ ಕಡೆ ತೆರಳುತ್ತವೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಮಾತ್ರ ನೆಲದ ಓಟ. ಪಡುವಣದಲ್ಲಿ ಸಹ್ಯಾದ್ರಿ ಎದ್ದು ನಿಂತಿದೆ, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಬಸವಕಲ್ಯಾಣ ತಾಲ್ಲೂಕಿನ ಒಂದು ಮಗ್ಗುಲಿಗೆ ಬಿದ್ದ ಹನಿ ಮಾಂಜ್ರಾಕ್ಕೆ ಸೇರಿ ಗೋದಾವರಿಯಾಗುತ್ತದೆ. ಇನ್ನೊಂದು ಮಗ್ಗುಲಿನದು ಮುಲ್ಲಾಮಾರಿಯಲ್ಲಿ ಚಿಂಚೋಳಿಯತ್ತ ಹರಿದು ಕಾಗಿಣಾ, ಭೀಮಾ, ಕೃಷ್ಣೆಯ ಹಾದಿ ಹಿಡಿಯುತ್ತದೆ. ಎರಡರ ಕೊನೆಯೂ ಬಂಗಾಳ ಕೊಲ್ಲಿ. ಗಂಗೆ, ಬ್ರಹ್ಮಪುತ್ರಗಳ ಮುಂದೆ ನಮ್ಮ ಪಾಲು ಅತ್ಯಲ್ಪ. ಆದರೂ ನಮ್ಮ ಹೊಲದಿಂದ ಜಾರಿದ ನೀರು, ನಮ್ಮ ಮೇಲೆ ಸುಳಿ ಕಳಿಸುವ ಕಡಲಿನ ಆ ಹಗುರ ಪದರದಲ್ಲಿ ಬೆರೆತಿದೆ. ಸಹ್ಯಾದ್ರಿ ಪೂರ್ವದಲ್ಲಿದ್ದು ನದಿಗಳು ಪಡುವಣಕ್ಕೆ ಹರಿದಿದ್ದರೆ ಎಂದು ಯೋಚಿಸಿದಾಗ ಮನಸ್ಸು ಸುಮ್ಮನಾಗುತ್ತದೆ.

ನಾಲ್ಕಕ್ಕೆ ಒಂದೆಂಬ ಆ ಲೆಕ್ಕ ಬದಲಾಗುತ್ತಲೂ ಇದೆ. ಅರಬ್ಬಿ ಸಮುದ್ರ ಕಾಯುತ್ತಿದೆ. 2019ರಲ್ಲಿ ಅಲ್ಲಿ ಐದು ಚಂಡಮಾರುತ ಎದ್ದವು, ಕೊಲ್ಲಿಯಲ್ಲಿ ಮೂರು. 2021ರ ಸೆಪ್ಟೆಂಬರಿನಲ್ಲಿ ಆಂಧ್ರದ ಕಳಿಂಗಪಟ್ಟಣದ ಬಳಿ ನೆಲಕ್ಕೆ ಬಂದ ‘ಗುಲಾಬ್’ ತೆಲಂಗಾಣ, ಮರಾಠವಾಡಗಳ ಮೇಲೆ ಹಾದು ಅರಬ್ಬಿ ಸಮುದ್ರದಲ್ಲಿ ‘ಶಾಹೀನ್’ ಎಂಬ ಹೊಸ ಹೆಸರಿನಿಂದ ಎದ್ದು ಒಮಾನ್ ತಲುಪಿತು.

ಸೋಯಾ ಕೊಯ್ಯುವ ಹೊತ್ತಿಗೆ ಅಂಡಮಾನ್ ಕಡೆ ಕುಸಿತವೆಂದು ಹವಾಮಾನ ಇಲಾಖೆ ಹೇಳಿದರೆ ಅದನ್ನು ದೂರದ ಸುದ್ದಿಯೆಂದು ಬಿಡಬೇಡಿ. 2020ರಲ್ಲಿ ಅಲ್ಲಿಂದ ಬೀದರ್ ತಲುಪಲು ಅದಕ್ಕೆ ಹಿಡಿದದ್ದು ಒಂದು ವಾರವೂ ಅಲ್ಲ.