ತಡವಾಗಿದ್ದಕ್ಕೆ ಕ್ಷಮಿಸಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ಹಾಳೆಗಳನ್ನು ಮುಂದಿಟ್ಟು, "ಮೇಡಂ, ಇದನ್ನೊಮ್ಮೆ ನೋಡ್ತೀರಾ?" ಅಂದಳು. ಪಿಎಚ್‌ಡಿ ಮಾಡುತ್ತಿದ್ದ ಅವಳು ತನ್ನ ಮಾರ್ಗದರ್ಶಕನ ಮೇಲೆ ಬರೆದ ದೂರು ಅದು. ಮೊದಲ ಸಾಲೇ "ತಡವಾಗಿ ದೂರು ಕೊಡುತ್ತಿರುವುದಕ್ಕೆ ಕ್ಷಮಿಸಿ" ಎಂದಿತ್ತು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆ ಸಾಲನ್ನು ಹೊಡೆದು ಹಾಕು ಅಂದೆ. ಕಾನೂನು ಕೇಳುವುದು ಕ್ಷಮೆಯನ್ನಲ್ಲ, ಕಾರಣವನ್ನು. 2013ರ ಕಾಯ್ದೆಯ ಪ್ರಕಾರ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ದೂರು ಕೊಡದಂತೆ ತಡೆದ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ, ಕಾರಣ ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು.

ಅವಳು ಜನವರಿ 10ರಿಂದ ಎಣಿಸುತ್ತಿದ್ದಳು. ಅಂದು ಅವನು ತನ್ನ ಕೋಣೆಯಲ್ಲಿ ಸೊಂಟಕ್ಕೆ ಕೈ ಹಾಕಿದ್ದ. ಆದರೆ ಫೆಬ್ರವರಿ 2ರ ನಡುರಾತ್ರಿ, ಒಬ್ಬಳೇ ಮನೆಗೆ ಬಾ ಎಂದು ಸಂದೇಶ ಕಳಿಸಿದ್ದೂ ಅದೇ ಸರಣಿಯದು. ಅಲ್ಲಿಂದ ಎಣಿಸಿದರೆ ಮೂರು ತಿಂಗಳು ಮುಗಿದದ್ದು ಮೇ 2ಕ್ಕೆ. ದೂರು ಮೇ 19ರದು. ಅಂದರೆ ತಡವಾಗಿದ್ದು ಹದಿನೇಳು ದಿನ. ಅವಳ ಮನಸ್ಸಿನಲ್ಲಿ ಅದು ನಾಲ್ಕು ತಿಂಗಳ ಅಪರಾಧವಾಗಿ ಕೂತಿತ್ತು.

ಯಾಕೆ ಕಾದೆ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಪ್ರಗತಿ ವರದಿಗೆ ಅವರ ಸಹಿ ಬೇಕಿತ್ತು ಮೇಡಂ. ಸಹಿ ಇಲ್ಲದಿದ್ದರೆ ಫೆಲೋಶಿಪ್ ನಿಲ್ಲುತ್ತಿತ್ತು. ಹೀಗೆ ಬರೆದರೆ ಸ್ವಾರ್ಥಿ ಅನ್ನಲ್ವಾ?" ಅಂದಳು. ದೂರಿನಲ್ಲಿ ಮಾತ್ರ "ಮಾನಸಿಕ ಆಘಾತದಿಂದ ಹಾಸಿಗೆ ಹಿಡಿದಿದ್ದೆ" ಎಂದು ಬರೆದಿದ್ದಳು. ಆ ದಿನಗಳಲ್ಲಿ ಅವಳು ದಿನಾ ಗ್ರಂಥಾಲಯಕ್ಕೆ ಹೋಗುತ್ತಿದ್ದಳು, ಹಾಜರಿ ಪುಸ್ತಕದಲ್ಲಿ ಸಹಿಯೂ ಇದೆ.

ಇಲ್ಲಿಯೇ ನನಗೆ ಈ ವಿಷಯದ ಗಂಟು ಕಂಡದ್ದು. ಬೀದಿಯಲ್ಲಿ ಸರ ಕಿತ್ತವನ ಮೇಲೆ ಆ ಸಂಜೆಯೇ ದೂರು ಕೊಡುತ್ತೇವೆ, ಯಾಕೆಂದರೆ ಸರಗಳ್ಳ ನಮ್ಮ ವರದಿಗೆ ಸಹಿ ಹಾಕಬೇಕಿಲ್ಲ. ಕೋಣೆಯ ಬಾಗಿಲು ಮುಚ್ಚುವ ಧೈರ್ಯವನ್ನು ಅವನಿಗೆ ಕೊಟ್ಟ ಸಹಿಯೇ ಅವಳ ಬಾಯನ್ನೂ ಮುಚ್ಚಿಸಿತ್ತು. ಹಾಗಿರುವಾಗ ಆ ತಡವನ್ನು ಅವಳ ಸ್ವಭಾವದ ಲೆಕ್ಕಕ್ಕೆ ಬರೆಯುವುದು ಹೇಗೆ? ಅನ್ನ ಉಳಿಸಿಕೊಳ್ಳಲು ಕಾದದ್ದು ಲಜ್ಜೆಯ ಕಾರಣವಲ್ಲ, ನಿಜವಾದ ಕಾರಣ. ಹಾಸಿಗೆ ಹಿಡಿದ ಕತೆಗಿಂತ ಗಟ್ಟಿಯಾದದ್ದು ಕೂಡ.

ಹೊಸದಾಗಿ ಬರೆದೆವು. ಮಾರ್ಚ್ 24ಕ್ಕೆ ಸಂಶೋಧನಾ ಸಮಿತಿಯ ಸಭೆ. ಏಪ್ರಿಲ್ 28ಕ್ಕೆ ವರದಿಗೆ ಅವನ ಸಹಿ, ಅದರ ಪ್ರತಿ ಲಗತ್ತಿಸಿದೆ. ಮೇ 4ಕ್ಕೆ ಮೊದಲ ಬಾರಿ ಅಕ್ಕನಿಗೆ ಹೇಳಿದಳು. ಮೇ 10ಕ್ಕೆ ದೂರು ಸಮಿತಿಯಲ್ಲಿ ಯಾರಿದ್ದಾರೆಂದು ಕಚೇರಿಗೆ ಇಮೇಲ್ ಮಾಡಿದಳು. ಎಲ್ಲರಿಗೂ ಕಾಣುವಂತೆ ಹಾಕಬೇಕಾದ ಆ ಮಾಹಿತಿ ನೋಟಿಸ್ ಬೋರ್ಡಿನಲ್ಲಿ ಇರಲಿಲ್ಲ. "ಮುಂದಿನ ವಾರ ಬನ್ನಿ" ಎಂಬುದು ಅವರ ಉತ್ತರ. ಪ್ರತಿ ದಿನಾಂಕದ ಪಕ್ಕ ಒಂದು ಕಾಗದ ಅಥವಾ ಒಬ್ಬ ಸಾಕ್ಷಿ. ವಿಶೇಷಣಗಳನ್ನೆಲ್ಲ ತೆಗೆದೆವು.

ಉಳಿದದ್ದು ಜನವರಿ 12ರ ಅವಳ ಸಂದೇಶ: "ಥ್ಯಾಂಕ್ಯೂ ಸರ್, ತಿದ್ದಿ ಕಳಿಸ್ತೀನಿ", ಕೊನೆಗೊಂದು ನಗುಮುಖ. ಅದನ್ನು ಅಳಿಸಿಬಿಡಲಾ ಎಂದು ಕೇಳಿದಳು. ಅಳಿಸಿದರೂ ಅವನ ಫೋನಿನಲ್ಲಿ ಇರುತ್ತದೆ. ಅವನು ತೋರಿಸಿದರೆ ಅದು ಸುಳ್ಳಿಗೆ ಸಾಕ್ಷಿ, ಅವಳೇ ತೋರಿಸಿದರೆ ಭಯಕ್ಕೆ ಸಾಕ್ಷಿ. "ಎಂದಿನಂತೆ ಇದ್ದೇನೆಂದು ಅವರಿಗೆ ಅನ್ನಿಸಬೇಕಿತ್ತು, ಅದಕ್ಕೆ ಹೀಗೆ ಬರೆದೆ" ಎಂಬ ಸಾಲಿನೊಂದಿಗೆ ಎರಡನೇ ಪುಟದಲ್ಲಿ ಸೇರಿಸಿದೆವು.

ಆದರೆ ಎಷ್ಟು ಚೆನ್ನಾಗಿ ವಿವರಿಸಿದರೂ ಆರು ತಿಂಗಳ ಗೋಡೆಯನ್ನು ಈ ಕಾಯ್ದೆಯಡಿ ದಾಟಲಾಗದು. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಕುಲಪತಿಯ ಮೇಲಿನ ಆರೋಪದಲ್ಲಿ ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಡಿಸೆಂಬರ್‌ನದು. ಆಮೇಲಿನ ಆಡಳಿತಾತ್ಮಕ ಕ್ರಮಗಳೂ ಕಿರುಕುಳದ ಮುಂದುವರಿಕೆಯೇ ಎಂಬ ವಾದವನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದೂರು ಅವಧಿ ಮೀರಿದ್ದೆಂದಿತು. ಆದರೆ ಆ ತೀರ್ಪು ಕುಲಪತಿಯ ಬಯೋಡೇಟಾದಲ್ಲಿ ಇರಬೇಕೆಂದೂ ಹೇಳಿತು. ಕಾಲಮಿತಿಗೆ ಅರ್ಥವಿಲ್ಲ ಎನ್ನಲಾರೆ, ಆರೋಪಿಯ ಸಾಕ್ಷಿಗಳ ನೆನಪೂ ಮಾಸುತ್ತದೆ. ಆದರೆ ಐದು ವರ್ಷ ಸಹಿ ಹಾಕುವವನ ವಿರುದ್ಧ ಮೂರು ತಿಂಗಳು ಎಂಬ ಲೆಕ್ಕ ನನಗೆ ಒಗ್ಗುವುದಿಲ್ಲ.

ಅವಳ ವಿಷಯದಲ್ಲಿ ಸಮಿತಿ ಎರಡೇ ಸಾಲಿನಲ್ಲಿ ವಿಳಂಬವನ್ನು ಮನ್ನಿಸಿತು. ವಿಚಾರಣೆಯ ದಿನ ಅವನು ಜನವರಿ 12ರ ಸಂದೇಶದ ಪ್ರಿಂಟ್ ತಂದಿದ್ದನಂತೆ. ಅಧ್ಯಕ್ಷೆ ದೂರಿನ ಎರಡನೇ ಪುಟ ತಿರುಗಿಸಿ, "ಇದು ನಮ್ಮ ಹತ್ತಿರ ಆಗಲೇ ಇದೆ" ಅಂದರಂತೆ.