ಉಳಿಸುವ ಓಟು

ಬಿಗ್ ಬಾಸ್ ಮನೆಯ ಒಬ್ಬ ಸ್ಪರ್ಧಿಯನ್ನು ಕಂಡರೆ ನಮ್ಮತ್ತೆಗೆ ಆಗುತ್ತಿರಲಿಲ್ಲ. ಅವನು ಬಾಯಿ ತೆರೆದರೆ ಸಾಕು, ಬಿಡಿಸುತ್ತಿದ್ದ ಅವರೆಕಾಯಿಯ ಸಿಪ್ಪೆ ಟಿವಿಯತ್ತ ಹಾರುತ್ತಿತ್ತು. ಅವನು ನಾಮಿನೇಟ್ ಆದ ವಾರ ನನ್ನ ಫೋನು ಎತ್ತಿಕೊಂಡು, "ಇವನನ್ನ ಆಚೆ ಹಾಕಕ್ಕೆ ಎಲ್ಲಿ ಒತ್ತಬೇಕಮ್ಮ?" ಎಂದರು. ಅಂಥ ಗುಂಡಿಯೇ ಇರಲಿಲ್ಲ. ಇದ್ದದ್ದು ಉಳಿಸುವುದಕ್ಕೆ ಮಾತ್ರ.

ಈ ಆಟದ ಮೂಲ 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ ‘ಬಿಗ್ ಬ್ರದರ್’. 2000ದಲ್ಲಿ ಬ್ರಿಟನ್ನಿಗೆ ಬಂದಾಗ ಅಲ್ಲಿಯ ವೀಕ್ಷಕರು ಫೋನು ಮಾಡುತ್ತಿದ್ದದ್ದು ಬೇಡವಾದವರನ್ನು ಹೊರಗೆ ಕಳಿಸಲು. ನಮ್ಮಲ್ಲಿ ಬೇಕಾದವರನ್ನು ಉಳಿಸಿಕೊಳ್ಳಲು ಓಟು. ಎರಡೂ ಒಂದೇ ಎಂದುಕೊಂಡಿದ್ದೆ. ಅಲ್ಲ.

ಲೆಕ್ಕ ಹಾಕಿ ನೋಡಿ. ಮೂವರು ನಾಮಿನೇಟ್ ಆಗಿದ್ದಾರೆ: ಒಬ್ಬ ಜಗಳಗಂಟ, ಒಬ್ಬ ನಗಿಸುವವ, ಇನ್ನೊಬ್ಬಾಕೆ ಅಡುಗೆಮನೆಯಲ್ಲೇ ಇರುವವಳು. ನೂರು ಜನರಲ್ಲಿ ಜಗಳಗಂಟನಿಗೆ 40 ಅಭಿಮಾನಿಗಳು, ನಗಿಸುವವನಿಗೆ 35, ಆಕೆಗೆ 25. ಉಳಿಸುವ ಓಟಿನಲ್ಲಿ ಹೋಗುವವಳು ಆಕೆ. ಅದೇ ನೂರು ಜನರನ್ನು "ಯಾರು ಹೋಗಲಿ?" ಎಂದು ಕೇಳಿದರೆ ಮಿಕ್ಕ 60 ಮಂದಿಯಲ್ಲಿ ಹೆಚ್ಚಿನವರು ಜಗಳಗಂಟನತ್ತಲೇ ಬೆರಳು ತೋರಿಸಿಯಾರು. ನಮ್ಮ ಲೆಕ್ಕದಲ್ಲಿ ಆ ಸಿಟ್ಟಿಗೆ ಬೆಲೆಯಿಲ್ಲ.

ಮನೆಯೊಳಗಿನವರ ಜರಡಿಯೇ ಬೇರೆ. ನಾಮಿನೇಷನ್ ದಿನ ಸಾಮಾನ್ಯವಾಗಿ ಒಬ್ಬೊಬ್ಬರೂ ಎರಡು ಹೆಸರು ಹೇಳಬೇಕು, ಕಾರಣವನ್ನೂ ಕೊಡಬೇಕು. ಆ ಕಾರಣ ಎಲ್ಲಿಂದ ಬರಬೇಕು? ವಾರದ ಟಾಸ್ಕ್ ಇರುವುದೇ ಅದಕ್ಕೆ ಎನ್ನುವುದು ನನ್ನ ಗುಮಾನಿ. ಎರಡು ತಂಡ ಮಾಡಿ, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವುವ ಆಟ ಕೊಟ್ಟರೆ ಸಂಜೆಗೆ ಎಲ್ಲರ ಬಾಯಲ್ಲೂ ಒಂದೊಂದು ದೂರು. ವಾರದ ಕೊನೆಗೆ ‘ಕಳಪೆ’ ಎನಿಸಿಕೊಂಡವನು ಜೈಲಿನಲ್ಲಿ ಕೂತು ಗಂಜಿ ಕುಡಿಯುತ್ತಾನೆ. ಹೊರಬಂದ ಮೇಲೆ ಅವನು ಯಾರ ಹೆಸರು ಹೇಳುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಜಗಳಗಂಟ ವಾರವಾರವೂ ನಾಮಿನೇಟ್ ಆಗುತ್ತಾನೆ. ಅದೇ ಅವನಿಗೆ ವರ. ಅವನ ಅಭಿಮಾನಿಗಳಿಗೆ ಓಟು ಹಾಕುವುದು ಹಲ್ಲುಜ್ಜಿದಷ್ಟು ರೂಢಿಯಾಗಿಬಿಡುತ್ತದೆ. ಯಾರ ಮನಸ್ಸನ್ನೂ ನೋಯಿಸದೆ ಎಂಟು ವಾರ ಸೇಫ್ ಆಗಿದ್ದವಳಿಗಾಗಿ ಯಾರೂ ಒಮ್ಮೆಯೂ ಫೋನು ಮುಟ್ಟಿರುವುದಿಲ್ಲ. ಒಂಬತ್ತನೇ ವಾರ ಪಟ್ಟಿಯಲ್ಲಿ ಅವಳ ಹೆಸರು ಬಂದರೆ ಮುಗಿಯಿತು.

ನಾವು ನೋಡುತ್ತಿದ್ದ ಆಟದಲ್ಲೂ ಹಾಗೇ ಆಯಿತು. ಎಲ್ಲರಿಗೂ ಬಡಿಸಿ ಕೊನೆಗೆ ತಟ್ಟೆ ಹಾಕಿಕೊಳ್ಳುತ್ತಿದ್ದ ಹೆಂಗಸು ಭಾನುವಾರ ಪೆಟ್ಟಿಗೆ ಎಳೆದುಕೊಂಡು ಬಾಗಿಲು ದಾಟಿದಳು.

"ಪಾಪ, ಒಳ್ಳೇವಳು," ಎಂದರು ಅತ್ತೆ.

"ಮತ್ತೆ, ಓಟು ಹಾಕಿಸಬಹುದಿತ್ತಲ್ಲ ಅತ್ತೆ?"

"ಇವಳು ಹೋಗ್ತಾಳೆ ಅಂತ ಯಾರಿಗೆ ಗೊತ್ತಿತ್ತು? ನೀನು ಹಾಕಿದ್ಯಾ?"

ನಾನೂ ಹಾಕಿರಲಿಲ್ಲ.